ಫೋಟೋದಲ್ಲಿರುವ ಕೋಷ್ಟಕ, ಸಾಲಿಗೊಂದು ಅಗಲ: ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ತೆಗೆಯುವ ಬಗೆ

"ವರ್ಗಾಂತರ ಒಂದೇ ಸಮ ಇಲ್ಲ. ಹಂಗಾದ್ರ h ಎಷ್ಟು ಹಿಡೀಬೇಕು?" ಕಲಬುರಗಿ, ಬೀದರ, ಯಾದಗಿರಿ ಕಡೆಯ ಪದವಿ ವಿದ್ಯಾರ್ಥಿಗಳು, ಹಳ್ಳಿ ಸಮೀಕ್ಷೆಯ ವರದಿ ಬರೆಯುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಜೊತೆಗೆ ಒಂದು ಫೋಟೋ ಇರುತ್ತದೆ: ಪ್ರಶ್ನೆಪತ್ರಿಕೆಯದೋ, ವರದಿಯ ಪುಟದ್ದೋ, ಮೊಬೈಲಿನಲ್ಲಿ ಓರೆಯಾಗಿ ತೆಗೆದದ್ದು. ಶಾಲೆಯಲ್ಲಿ ಕಲಿತದ್ದು 0–10, 10–20, 20–30 ಎಂಬ ಸಮ ಅಗಲದ ಕೋಷ್ಟಕ. ಈ ಫೋಟೋದಲ್ಲಿ ಒಂದು ಸಾಲು ಒಂದು ಎಕರೆ ಅಗಲ, ಇನ್ನೊಂದು ಹದಿನೈದು ಎಕರೆ ಅಗಲ. ಅಲ್ಲಿಗೆ ಕೈ ನಿಲ್ಲುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. h ಅಂದರೆ ಸಾಲಿನ ಅಗಲ. ಇಡೀ ಕೋಷ್ಟಕಕ್ಕೆ ಒಂದೇ h ಎಂಬುದು ಇಲ್ಲ, ಬೇಕಾಗುವುದೂ ಇಲ್ಲ. ಸರಾಸರಿಗೂ ಮಾನಕ ವಿಚಲನೆಗೂ ಪ್ರತಿ ಸಾಲಿನ ಮಧ್ಯಬಿಂದು ಸಾಕು. ಮಧ್ಯಾಂಕಕ್ಕೆ ಮಾತ್ರ ಒಂದು ಅಗಲ ಬೇಕು, ಅದೂ ಮಧ್ಯಾಂಕ ಬೀಳುವ ಸಾಲಿನದು ಮಾತ್ರ. ಇದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಮಾಡೋಣ.

ಉದಾಹರಣೆಯ ಕೋಷ್ಟಕ

ಸುರಪುರ ಕಡೆಯ ಒಂದು ಹಳ್ಳಿಯ 120 ಕುಟುಂಬಗಳ ಹಿಡುವಳಿ ಎಂದು ಇಟ್ಟುಕೊಳ್ಳಿ. ಅಂಕಿಗಳು ಅಭ್ಯಾಸಕ್ಕೆಂದೇ ಮಾಡಿದವು, ಯಾವ ಊರಿನ ದಾಖಲೆಯೂ ಅಲ್ಲ. ಫೋಟೋದಲ್ಲಿ ಕಾಣುವುದು ಹೀಗೆ:

| ಹಿಡುವಳಿ (ಎ.ಗುಂ) | ಕುಟುಂಬಗಳು |
|---|---|
| 0 – 1.00 | 12 |
| 1.00 – 2.20 | 30 |
| 2.20 – 5.00 | 40 |
| 5.00 – 10.00 | 28 |
| 10.00 – 25.00 | 10 |
| ಒಟ್ಟು | 120 |

ಹಿಡುವಳಿಯ ಕೋಷ್ಟಕಗಳು ಅಸಮವಾಗಿರುವುದಕ್ಕೆ ಕಾರಣವಿದೆ. ಹೆಚ್ಚಿನ ಕುಟುಂಬಗಳು ಐದು ಎಕರೆಯೊಳಗೇ ಇರುತ್ತವೆ. ಅಲ್ಲಿ ವ್ಯತ್ಯಾಸ ಕಾಣಬೇಕಾದರೆ ಸಣ್ಣ ಸಣ್ಣ ಸಾಲು ಬೇಕು. ಮೇಲೆ ಹೋದಂತೆ ಜನ ವಿರಳ, ಹಾಗಾಗಿ ಸಾಲು ಅಗಲ. ಕೃಷಿ ಗಣತಿಯಲ್ಲಿ ಅತಿ ಸಣ್ಣ, ಸಣ್ಣ ರೈತರು ಎಂದು ವಿಂಗಡಿಸುವ ಗಡಿಗಳು 1 ಮತ್ತು 2 ಹೆಕ್ಟೇರ್. ಎಕರೆಗೆ ತಂದರೆ ಅವು ಸುಮಾರು ಎರಡೂವರೆ ಮತ್ತು ಐದು ಎಕರೆ. ಮೇಲಿನ ಕೋಷ್ಟಕದ ಗಡಿಗಳು ಬಂದದ್ದು ಅಲ್ಲಿಂದಲೇ.

ಮುಂದೆ ಬರುವ ಪದಗಳ ಅರ್ಥ ಇಷ್ಟು. "ಇಷ್ಟರಿಂದ ಇಷ್ಟರವರೆಗೆ" ಎಂದು ಗಡಿ ಹಾಕಿದ ಒಂದೊಂದು ಸಾಲು ವರ್ಗಾಂತರ. ಆ ಸಾಲಿನಲ್ಲಿ ಎಷ್ಟು ಕುಟುಂಬಗಳಿವೆ ಎಂಬುದು ಆವೃತ್ತಿ, ಅದನ್ನು f ಎಂದು ಬರೆಯುತ್ತೇವೆ. ಕೆಳಗಡಿ, ಮೇಲ್ಗಡಿಗಳ ನಟ್ಟನಡುವಿನ ಬೆಲೆ ಮಧ್ಯಬಿಂದು, ಅದು x. ಮೇಲಿನಿಂದ ಆವೃತ್ತಿಗಳನ್ನು ಕೂಡುತ್ತಾ ಬಂದರೆ ಸಿಗುವುದು ಸಂಚಿತ ಆವೃತ್ತಿ. ಎಲ್ಲ ಆವೃತ್ತಿಗಳ ಮೊತ್ತ N.

ಹಂತ 1: ಫೋಟೋ ಓದುವುದು

ತಪ್ಪುಗಳಲ್ಲಿ ದೊಡ್ಡ ಪಾಲು ಲೆಕ್ಕದಲ್ಲಿ ಆಗುವುದಿಲ್ಲ, ಇಲ್ಲಿ ಆಗುತ್ತದೆ. ಆದ್ದರಿಂದ ಫೋಟೋ ನೋಡುತ್ತಲೇ ಲೆಕ್ಕ ಶುರು ಮಾಡಬೇಡಿ. ಮೊದಲು ಕೋಷ್ಟಕವನ್ನು ಕಾಗದದ ಮೇಲೆ ಇಳಿಸಿ. ಕೆಳಗಡಿಗೆ ಒಂದು ಕಾಲಂ, ಮೇಲ್ಗಡಿಗೆ ಒಂದು, ಆವೃತ್ತಿಗೆ ಒಂದು.

ಇಳಿಸಿದ ಕೂಡಲೇ ಆವೃತ್ತಿಗಳನ್ನು ಕೂಡಿ, ಫೋಟೋದಲ್ಲಿ ಅಚ್ಚಾದ ಒಟ್ಟಿನ ಜೊತೆ ಹೋಲಿಸಿ. 12 + 30 + 40 + 28 + 10 = 120. ಸರಿಹೋಯಿತು. ಹೋಗದಿದ್ದರೆ ವ್ಯತ್ಯಾಸ ಎಷ್ಟು ಎಂದು ನೋಡಿ, ಅದೇ ಸುಳಿವು ಕೊಡುತ್ತದೆ. ವ್ಯತ್ಯಾಸ 9 ಅಥವಾ 9ರ ಗುಣಕವಾಗಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು; 28ನ್ನು 82 ಎಂದು ಬರೆದರೆ ವ್ಯತ್ಯಾಸ 54. ವ್ಯತ್ಯಾಸ 3 ಇದ್ದರೆ 6 ಮತ್ತು 9, ಅಥವಾ 5 ಮತ್ತು 8 ಬೆರಕೆಯಾಗಿವೆಯೇ ನೋಡಿ. ಕೋಷ್ಟಕ ಕನ್ನಡ ಅಂಕಿಯಲ್ಲಿದ್ದರೆ ಮಸುಕಾದ ಫೋಟೋದಲ್ಲಿ ೧ ಮತ್ತು ೦, ೬ ಮತ್ತು ೯ ಇವನ್ನು ದೊಡ್ಡದು ಮಾಡಿಕೊಂಡು ನೋಡಬೇಕು.

ಗಡಿಗಳಿಗೆ ಮೊತ್ತದ ಪರೀಕ್ಷೆ ಇಲ್ಲ, ಆದರೆ ಬೇರೊಂದಿದೆ. ಒಂದು ಸಾಲಿನ ಮೇಲ್ಗಡಿ ಮುಂದಿನ ಸಾಲಿನ ಕೆಳಗಡಿಯೇ ಆಗಿರಬೇಕು. ಎಲ್ಲಾದರೂ ಆ ಸರಪಳಿ ತಪ್ಪಿದ್ದರೆ ಓದಿದ್ದು ತಪ್ಪು, ಇಲ್ಲವೇ ಕೋಷ್ಟಕವೇ 1–5, 6–10 ಎಂಬ ಜಾತಿಯದು. ಎರಡನೆಯ ಜಾತಿಯದಾದರೆ ನಡುವಿನ ಅಂತರದ ಅರ್ಧವನ್ನು ಕೆಳಗಡಿಯಿಂದ ಕಳೆದು ಮೇಲ್ಗಡಿಗೆ ಕೂಡಿ 0.5–5.5, 5.5–10.5 ಮಾಡಿಕೊಳ್ಳಬೇಕು. ಮಧ್ಯಬಿಂದು ಇದರಿಂದ ಬದಲಾಗುವುದಿಲ್ಲ, ಮಧ್ಯಾಂಕ ಬದಲಾಗುತ್ತದೆ.

ಹಂತ 2: 2.20 ಅಂದರೆ ಎಷ್ಟು?

ನಮ್ಮ ಕಡೆಯ ಹಿಡುವಳಿ ಕೋಷ್ಟಕಗಳಲ್ಲಿ ಇದು ಬಹಳ ಜನರನ್ನು ಕೆಡವುವ ಗುಂಡಿ, ಅದಕ್ಕೇ ಬೇರೆ ಹಂತವಾಗಿ ಇಟ್ಟಿದ್ದೇನೆ. ಪಹಣಿಯಲ್ಲಿ ಬರೆಯುವ ಹಾಗೆ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ. ಆದ್ದರಿಂದ ಅದು ಎರಡೂವರೆ ಎಕರೆ, ದಶಮಾಂಶದಲ್ಲಿ 2.5. ಆ ಚುಕ್ಕೆ ದಶಮಾಂಶ ಬಿಂದುವೇ ಅಲ್ಲ, ಎಕರೆ ಮತ್ತು ಗುಂಟೆಗಳ ನಡುವಿನ ಬೇಲಿ.

ಎಕರೆಯನ್ನು ದಶಮಾಂಶಕ್ಕೆ ತರುವ ಸೂತ್ರ ಇಷ್ಟೇ: ಎಕರೆ + ಗುಂಟೆ/40. 

2.20 ಎಂಬುದನ್ನು 2.2 ಎಂದೇ ಓದಿದರೆ ಏನಾಗುತ್ತದೆ? ಮಧ್ಯಾಂಕ 3.625ರ ಬದಲು 3.46 ಎಕರೆ ಬರುತ್ತದೆ. ವ್ಯತ್ಯಾಸ ಸುಮಾರು ಆರೂವರೆ ಗುಂಟೆ. ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ತಪ್ಪು ಎಲ್ಲಿಯೂ ಎದ್ದು ಕಾಣುವುದಿಲ್ಲ.

ಕೋಷ್ಟಕ ಗುಂಟೆಯದೋ ದಶಮಾಂಶದ್ದೋ ಎಂದು ಹೇಗೆ ತಿಳಿಯುವುದು? ತಲೆಬರಹದಲ್ಲಿ "ಎ.ಗುಂ" ಇದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಚುಕ್ಕೆಯ ಬಲಗಡೆ ನೋಡಿ. ಎಲ್ಲಾದರೂ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ, ಉದಾಹರಣೆಗೆ 2.50, ಇದ್ದರೆ ಅದು ಗುಂಟೆ ಆಗಲಾರದು, ದಶಮಾಂಶವೇ. 2.20–4.39, ಮುಂದಿನ ಸಾಲು 5.00 ಎಂದಿದ್ದರೆ ಗುಂಟೆಯೇ ಸೈ, ಯಾಕೆಂದರೆ 4 ಎಕರೆ 39 ಗುಂಟೆಯ ಮುಂದಿನ ಗುಂಟೆಗೆ 5 ಎಕರೆ ತುಂಬುತ್ತದೆ. ಅಂಥ ಕೋಷ್ಟಕದಲ್ಲಿ ಸಾಲುಗಳ ನಡುವಿನ ಅಂತರ ಒಂದೇ ಗುಂಟೆ. ಅರ್ಧ ಗುಂಟೆಯ ತಿದ್ದುಪಡಿಗೆ ತಲೆ ಕೆಡಿಸಿಕೊಳ್ಳದೆ ಗಡಿಯನ್ನು 2.20, 5.00 ಎಂದೇ ಹಿಡಿಯಬಹುದು.

ಸ್ಪ್ರೆಡ್‌ಶೀಟ್‌ನಲ್ಲಿ ಕೆಲಸ ಮಾಡುವವರಿಗೆ ಇಲ್ಲೇ ಎರಡು ಎಚ್ಚರಿಕೆ. 2.20 ಎಂದು ಟೈಪ್ ಮಾಡಿದರೆ ಶೀಟು ಕೊನೆಯ ಸೊನ್ನೆ ತೆಗೆದು 2.2 ಎಂದು ಇಟ್ಟುಕೊಳ್ಳುತ್ತದೆ. ಆಮೇಲೆ ನೋಡಿದವರಿಗೆ ಅದು ಇಪ್ಪತ್ತು ಗುಂಟೆಯೋ ಎರಡು ಗುಂಟೆಯೋ ತಿಳಿಯುವುದಿಲ್ಲ. 5-10 ಎಂದು ಒಂದೇ ಮನೆಯಲ್ಲಿ ಟೈಪ್ ಮಾಡಿದರೆ ಅದನ್ನು ತಾರೀಖು ಎಂದು ತಿಳಿದು ಬದಲಿಸಿಬಿಡುತ್ತದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಇಟ್ಟರೆ ಎರಡೂ ತಾಪತ್ರಯ ತಪ್ಪುತ್ತವೆ.

ಹಂತ 3: ಲೆಕ್ಕದ ಕೋಷ್ಟಕ

ಈಗ ಗಡಿಗಳನ್ನು ದಶಮಾಂಶ ಎಕರೆಗೆ ತಂದು, ಪ್ರತಿ ಸಾಲಿಗೂ ಅದರದೇ ಅಗಲ ಮತ್ತು ಮಧ್ಯಬಿಂದು ಬರೆಯೋಣ. ಮಧ್ಯಬಿಂದು ಅಂದರೆ (ಕೆಳಗಡಿ + ಮೇಲ್ಗಡಿ) ÷ 2. ಸಮ ಅಗಲದ ಕೋಷ್ಟಕದಲ್ಲಿ ಮೊದಲ ಮಧ್ಯಬಿಂದು ತೆಗೆದು ಉಳಿದದ್ದಕ್ಕೆ h ಕೂಡುತ್ತಾ ಹೋಗುವ ರೂಢಿ ಇದೆ. ಇಲ್ಲಿ ಅದು ನಡೆಯುವುದಿಲ್ಲ. ಪ್ರತಿ ಸಾಲಿನದನ್ನೂ ಬೇರೆ ಬೇರೆಯಾಗಿಯೇ ತೆಗೆಯಬೇಕು.

| ಗಡಿ (ಎಕರೆ) | ಅಗಲ h | f | x | f·x | f·x² | ಸಂಚಿತ |
|---|---|---|---|---|---|---|
| 0 – 1 | 1 | 12 | 0.5 | 6 | 3 | 12 |
| 1 – 2.5 | 1.5 | 30 | 1.75 | 52.5 | 91.875 | 42 |
| 2.5 – 5 | 2.5 | 40 | 3.75 | 150 | 562.5 | 82 |
| 5 – 10 | 5 | 28 | 7.5 | 210 | 1575 | 110 |
| 10 – 25 | 15 | 10 | 17.5 | 175 | 3062.5 | 120 |
| ಒಟ್ಟು | | 120 | | 593.5 | 5294.875 | |

f·x² ಕಾಲಂ ತುಂಬುವಾಗ x ಅನ್ನು ಮಾತ್ರ ವರ್ಗ ಮಾಡಿ ಆಮೇಲೆ f ಇಂದ ಗುಣಿಸಬೇಕು. f·x ಅನ್ನೇ ವರ್ಗ ಮಾಡುವ ತಪ್ಪು ಬಹಳ ಸಾಮಾನ್ಯ. ತಪ್ಪದಿರಲು ಸುಲಭ ದಾರಿ: f·x ಕಾಲಂನ ಬೆಲೆಯನ್ನು ಇನ್ನೊಮ್ಮೆ x ಇಂದ ಗುಣಿಸಿ. 150 × 3.75 = 562.5.

ಹಂತ 4: ಸರಾಸರಿ

```
ಸರಾಸರಿ = Σfx / N = 593.5 / 120 = 4.9458
```

ಅಂದರೆ 4.95 ಎಕರೆ. ಗುಂಟೆಗೆ ತರಬೇಕಾದರೆ ಚುಕ್ಕೆಯ ನಂತರದ ಭಾಗವನ್ನು 40ರಿಂದ ಗುಣಿಸಿ: 0.9458 × 40 = 37.8. ಸರಾಸರಿ ಹಿಡುವಳಿ ಸುಮಾರು 4 ಎಕರೆ 38 ಗುಂಟೆ.

ಇಲ್ಲಿ h ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಆದರೂ ಕೆಲವರು ಅದನ್ನು ತಂದು ಹಾಕುತ್ತಾರೆ. ಅಸಮ ಅಗಲದ ಕೋಷ್ಟಕಕ್ಕೆ ಆಯತಚಿತ್ರ ಬರೆಯುವಾಗ ಆವೃತ್ತಿಯನ್ನು ಅಗಲದಿಂದ ಭಾಗಿಸಬೇಕು ಎಂದು ಓದಿರುತ್ತಾರೆ. ಅದು ಆವೃತ್ತಿ ಸಾಂದ್ರತೆ, ಅಂದರೆ ಒಂದು ಎಕರೆ ಅಗಲಕ್ಕೆ ಎಷ್ಟು ಕುಟುಂಬ ಎಂಬ ಲೆಕ್ಕ. ಚಿತ್ರಕ್ಕೆ ಅದು ಬೇಕೇ ಬೇಕು. ಬಹುಲಕ, ಅಂದರೆ ಜನ ಹೆಚ್ಚು ಒತ್ತಾಗಿರುವ ಬೆಲೆ, ಹುಡುಕುವುದಕ್ಕೂ ಬೇಕು. ನಮ್ಮ ಕೋಷ್ಟಕದಲ್ಲಿ 40 ಕುಟುಂಬಗಳ ಸಾಲು ದೊಡ್ಡದಾಗಿ ಕಂಡರೂ ಅದರ ಸಾಂದ್ರತೆ 40 ÷ 2.5 = 16; ಅದರ ಮೇಲಿನ ಸಾಲಿನದು 30 ÷ 1.5 = 20. ಹಾಗಾಗಿ ಬಹುಲಕದ ಸಾಲು 1–2.5, 2.5–5 ಅಲ್ಲ.

ಸರಾಸರಿಗೆ ಮಾತ್ರ ಈ ಭಾಗಾಕಾರ ಬೇಡ. ಕುಟುಂಬಗಳು ಎಷ್ಟಿವೆಯೋ ಅಷ್ಟೇ ಇವೆ. ಸಾಂದ್ರತೆಯನ್ನೇ f ಎಂದು ಇಟ್ಟು ಲೆಕ್ಕ ಮಾಡಿದರೆ ಸರಾಸರಿ 2.85 ಎಕರೆ ಬರುತ್ತದೆ. ಅದು ತಪ್ಪೆಂದು ತೋರಿಸಲು ಒಂದು ಗಟ್ಟಿ ಪರೀಕ್ಷೆ ಇದೆ. ಪ್ರತಿ ಕುಟುಂಬವೂ ತನ್ನ ಸಾಲಿನ ಕೆಳಗಡಿಯಲ್ಲೇ ಇದೆ ಎಂದುಕೊಳ್ಳಿ: 0 + 30 + 100 + 140 + 100 = 370, ಭಾಗಿಸು 120, ಅಂದರೆ 3.08. ಎಲ್ಲರೂ ಮೇಲ್ಗಡಿಯಲ್ಲಿದ್ದಾರೆ ಎಂದರೆ 12 + 75 + 200 + 280 + 250 = 817, ಭಾಗಿಸು 120, ಅಂದರೆ 6.81. ನಿಜವಾದ ಸರಾಸರಿ ಏನೇ ಆಗಿದ್ದರೂ ಈ ಎರಡರ ನಡುವೆಯೇ ಇರಬೇಕು. 2.85 ಹೊರಗೆ ಬಿತ್ತು.

ಫೋಟೋದಲ್ಲಿ ಕೋಷ್ಟಕದ ಬದಲು ಆಯತಚಿತ್ರವೇ ಇದ್ದರೆ ಲೆಕ್ಕ ತಿರುಗುಮುರುಗು. ಲಂಬ ಅಕ್ಷದಲ್ಲಿ ಸಾಂದ್ರತೆ ಎಂದು ಬರೆದಿದ್ದರೆ ಕಂಬದ ಎತ್ತರವನ್ನು ಅಗಲದಿಂದ ಗುಣಿಸಿದ ಮೇಲೆಯೇ f ಸಿಗುತ್ತದೆ.

ದೊಡ್ಡ ಅಂಕಿಗಳಿದ್ದರೆ ಹಂತ ವಿಚಲನೆ ವಿಧಾನ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು. ಆದರೆ ಭಾಜಕ ಎಲ್ಲ ಸಾಲಿಗೂ ಒಂದೇ ಇರಬೇಕು, ಅದು ಯಾವ ಸಾಲಿನ ಅಗಲವೂ ಆಗಿರಬೇಕೆಂದಿಲ್ಲ. ಇಲ್ಲಿ ಅಂದಾಜು ಸರಾಸರಿ 3.75, ಭಾಜಕ 1.25 ಎಂದಿಟ್ಟರೆ ಐದು ಸಾಲಿನ ವಿಚಲನೆಗಳು −2.6, −1.6, 0, 3, 11 ಬರುತ್ತವೆ. ಆವೃತ್ತಿಯಿಂದ ಗುಣಿಸಿ ಕೂಡಿದರೆ 114.8, ಸರಾಸರಿ 3.75 + 1.25 × 114.8 ÷ 120, ಮತ್ತೆ ಅದೇ 4.9458. ಪ್ರತಿ ಸಾಲನ್ನೂ ಅದರದೇ ಅಗಲದಿಂದ ಭಾಗಿಸಿದರೆ ಇಡೀ ಲೆಕ್ಕ ಕೆಡುತ್ತದೆ. ಕ್ಯಾಲ್ಕುಲೇಟರ್ ಕೈಯಲ್ಲಿದ್ದರೆ ನೇರ ವಿಧಾನವೇ ಸಾಕು.

ಹಂತ 5: ಮಧ್ಯಾಂಕ

ಕುಟುಂಬಗಳನ್ನು ಹೊಲದ ಅಳತೆಯಂತೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಅಳತೆ ಮಧ್ಯಾಂಕ. ವರ್ಗೀಕರಿಸಿದ ಕೋಷ್ಟಕದಲ್ಲಿ N/2 ಹಿಡಿಯುತ್ತೇವೆ, (N+1)/2 ಅಲ್ಲ. ಇಲ್ಲಿ 120 ÷ 2 = 60.

ಸಂಚಿತ ಆವೃತ್ತಿಯ ಕಾಲಂ ನೋಡಿ. ಎರಡನೆಯ ಸಾಲು ಮುಗಿದಾಗ 42, ಮೂರನೆಯದು ಮುಗಿದಾಗ 82. ಅರವತ್ತನೆಯವರು ಮೂರನೆಯ ಸಾಲಿನಲ್ಲಿದ್ದಾರೆ, ಅಂದರೆ 2.5ರಿಂದ 5 ಎಕರೆಯೊಳಗೆ. ಆ ಸಾಲಿನ ಒಳಗೆ ಎಲ್ಲಿ? 60ಕ್ಕೆ ಇನ್ನೂ 18 ಜನ ಬೇಕು, ಸಾಲಿನಲ್ಲಿ 40 ಜನರಿದ್ದಾರೆ. ಆದ್ದರಿಂದ ಸಾಲಿನ ಅಗಲದ 18/40 ಭಾಗ ಒಳಗೆ ಹೋಗಬೇಕು. ಸೂತ್ರ ಹೇಳುವುದೂ ಇದನ್ನೇ:

```
ಮಧ್ಯಾಂಕ = L + ((N/2 − cf) / f) × h
        = 2.5 + ((60 − 42) / 40) × 2.5
        = 2.5 + 1.125
        = 3.625
```

L ಆ ಸಾಲಿನ ಕೆಳಗಡಿ. cf ಅದರ *ಮುಂಚಿನ* ಸಾಲಿನವರೆಗಿನ ಸಂಚಿತ ಆವೃತ್ತಿ. f ಅದೇ ಸಾಲಿನ ಆವೃತ್ತಿ, h ಅದೇ ಸಾಲಿನ ಅಗಲ. 3.625 ಎಕರೆ ಅಂದರೆ 3 ಎಕರೆ 25 ಗುಂಟೆ.

ಲೇಖನದ ಮೊದಲಿನ "h ಎಷ್ಟು?" ಪ್ರಶ್ನೆಗೆ ಉತ್ತರ ಇಲ್ಲಿದೆ: 2.5. ಬೇರೆ ಸಾಲಿನ ಅಗಲ ಹಾಕಿದರೆ ಏನಾಗುತ್ತದೆ ನೋಡಿ. ಕೊನೆಯ ಸಾಲಿನ 15 ಹಾಕಿದರೆ ಉತ್ತರ 9.25. ಅದು 2.5–5ರ ಹೊರಗೆ ಹೋದ್ದರಿಂದ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ನಾಲ್ಕನೆಯ ಸಾಲಿನ 5 ಹಾಕಿದರೆ 4.75 ಬರುತ್ತದೆ, ಸಾಲಿನ ಒಳಗೇ ಕೂತುಬಿಡುತ್ತದೆ. ಇದು ಅಪಾಯಕಾರಿ. ಇದನ್ನು ಹಿಡಿಯಲು ಇನ್ನೊಂದು ನೋಟ ಬೇಕು: 18/40 ಅರ್ಧಕ್ಕಿಂತ ಕಡಿಮೆ, ಹಾಗಾಗಿ ಮಧ್ಯಾಂಕ ಆ ಸಾಲಿನ ಮಧ್ಯಬಿಂದು 3.75ಕ್ಕಿಂತ ಕೆಳಗಿರಲೇಬೇಕು. 4.75 ಆ ಪರೀಕ್ಷೆಯಲ್ಲಿ ಬೀಳುತ್ತದೆ, 3.625 ಪಾಸಾಗುತ್ತದೆ. ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ, ಅರ್ಧ ನಿಮಿಷದ ಕೆಲಸ.

ಸರಾಸರಿ 4.95, ಮಧ್ಯಾಂಕ 3.63. ಇಷ್ಟು ಅಂತರ ಕಂಡು ಲೆಕ್ಕ ತಪ್ಪಿತೇನೋ ಎಂದು ಗಾಬರಿಯಾಗಬೇಡಿ. ಹತ್ತು ಎಕರೆ ಮೇಲಿನ ಹತ್ತೇ ಕುಟುಂಬಗಳು 593.5 ಎಕರೆಯಲ್ಲಿ 175 ಎಕರೆ ಹಿಡಿದಿವೆ. ಅವು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ, ಮಧ್ಯಾಂಕವನ್ನು ಎಳೆಯಲಾರವು. "ಊರಿನ ಸಾಮಾನ್ಯ ರೈತನ ಹೊಲ ಎಷ್ಟು?" ಎಂದು ವರದಿಯಲ್ಲಿ ಬರೆಯುವಾಗ ಮಧ್ಯಾಂಕವನ್ನೇ ಬರೆಯುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಹಂತ 6: ಮಾನಕ ವಿಚಲನೆ

ಹೊಲದ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಮಾನಕ ವಿಚಲನೆ. ಬೇಕಾದ ಮೊತ್ತಗಳೆಲ್ಲ ಆಗಲೇ ಕೋಷ್ಟಕದಲ್ಲಿವೆ.

```
ವಿಚಲನೆಯ ವರ್ಗ = Σfx²/N − (Σfx/N)²
            = 5294.875/120 − (4.945833)²
            = 44.1240 − 24.4613
            = 19.6627
ಮಾನಕ ವಿಚಲನೆ = √19.6627 = 4.434
```

ಅಂದರೆ 4.43 ಎಕರೆ. ಘಟಕ ಎಕರೆಯೇ, ವರ್ಗಮೂಲ ತೆಗೆಯದೆ 19.66 ಎಂದು ಬಿಟ್ಟರೆ ಅದು ಎಕರೆಯ ವರ್ಗ, ಮಾನಕ ವಿಚಲನೆ ಅಲ್ಲ.

ಇಲ್ಲಿ ದಶಮಾಂಶಗಳನ್ನು ಬೇಗ ಕತ್ತರಿಸಬಾರದು. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆಯುವ ಲೆಕ್ಕವಿದು, ಸಣ್ಣ ಅಂದಾಜೂ ಉತ್ತರಕ್ಕೆ ಬಂದು ಕೂರುತ್ತದೆ. ಸರಾಸರಿಯನ್ನು "ಸುಮಾರು 5" ಎಂದು ವರ್ಗ ಮಾಡಿದರೆ ಉತ್ತರ 4.37; 4.9 ಎಂದು ಮಾಡಿದರೆ 4.48. ಕನಿಷ್ಠ ನಾಲ್ಕು ದಶಮಾಂಶ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ಎರಡಕ್ಕೆ ಇಳಿಸಿ. ಕಳೆದಾಗ ಋಣ ಸಂಖ್ಯೆ ಬಂದರೆ ಮುಂದೆ ಹೋಗಬೇಡಿ. ಹಾಗೆ ಬರಲು ಸಾಧ್ಯವೇ ಇಲ್ಲ, ಎಲ್ಲೋ f·x² ಕಾಲಂ ತಪ್ಪಿದೆ.

N ಇಂದ ಭಾಗಿಸಬೇಕೋ N−1 ಇಂದಲೋ? ಊರಿನ ಎಲ್ಲ ಕುಟುಂಬಗಳೂ ಕೋಷ್ಟಕದಲ್ಲಿದ್ದರೆ N. ದೊಡ್ಡ ಊರಿನಿಂದ 120 ಕುಟುಂಬಗಳನ್ನು ಮಾದರಿಯಾಗಿ ಆರಿಸಿದ್ದರೆ N−1. ಆಗ ಉತ್ತರ 4.45. ಪಠ್ಯಪುಸ್ತಕದ ಲೆಕ್ಕದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ N. ಕ್ಯಾಲ್ಕುಲೇಟರಿನಲ್ಲಿ ಇವು σn ಮತ್ತು σn−1 ಎಂದೋ, σx ಮತ್ತು sx ಎಂದೋ ಕಾಣುತ್ತವೆ. ಗೆಳೆಯನ ಉತ್ತರಕ್ಕೂ ನಿಮ್ಮದಕ್ಕೂ 0.02ರಷ್ಟು ಫರಕು ಬಂದರೆ ಮೊದಲು ಇದನ್ನು ನೋಡಿ.

ಈ 4.43 ಒಂದು ಅಂದಾಜು ಎಂಬುದೂ ಗೊತ್ತಿರಲಿ. ಹತ್ತು ಎಕರೆಯವನನ್ನೂ ಇಪ್ಪತ್ತೈದು ಎಕರೆಯವನನ್ನೂ ಒಟ್ಟಿಗೆ 17.5ರಲ್ಲಿ ನಿಲ್ಲಿಸಿದ್ದೇವೆ, ಅವರ ನಡುವಿನ ವ್ಯತ್ಯಾಸ ಲೆಕ್ಕದಿಂದ ಮಾಯವಾಗಿದೆ. ಸಾಲು ಅಗಲವಾದಷ್ಟೂ ಈ ನಷ್ಟ ಹೆಚ್ಚು. ಶೆಪರ್ಡ್ ತಿದ್ದುಪಡಿ ಎಂಬ ಸೂತ್ರವನ್ನು ಕೆಲವರು ಇಲ್ಲಿ ಹಾಕಲು ನೋಡುತ್ತಾರೆ. ಅದು ಸಮ ಅಗಲದ ಕೋಷ್ಟಕಕ್ಕೆ ಮಾಡಿದ್ದು, ಇಲ್ಲಿ ಬೇಡ.

ಸ್ಪ್ರೆಡ್‌ಶೀಟ್‌ನಲ್ಲಿ ತಾಳೆ ನೋಡುವುದು

A, B ಕಾಲಂನಲ್ಲಿ ಕೆಳಗಡಿಯ ಎಕರೆ, ಗುಂಟೆ. C, D ಕಾಲಂನಲ್ಲಿ ಮೇಲ್ಗಡಿಯ ಎಕರೆ, ಗುಂಟೆ. E ಕಾಲಂನಲ್ಲಿ ಆವೃತ್ತಿ. ಅಂಕಿಗಳು ಎರಡನೆಯ ಸಾಲಿನಿಂದ ಆರನೆಯ ಸಾಲಿನವರೆಗೆ. F2ರ ಸೂತ್ರವನ್ನು F6ವರೆಗೆ ಎಳೆಯಿರಿ.

```
F2:  =((A2+B2/40)+(C2+D2/40))/2
H1:  =SUMPRODUCT(E2:E6,F2:F6)/SUM(E2:E6)
H2:  =SQRT(SUMPRODUCT(E2:E6,(F2:F6-H1)^2)/SUM(E2:E6))
```

H1ರಲ್ಲಿ 4.9458, H2ರಲ್ಲಿ 4.4343 ಬರಬೇಕು. ಒಟ್ಟು ಬರೆದ ಸಾಲನ್ನು ವ್ಯಾಪ್ತಿಯೊಳಗೆ ಸೇರಿಸಬೇಡಿ.

`AVERAGE`, `MEDIAN`, `STDEV` ಇವನ್ನು ಮಧ್ಯಬಿಂದುಗಳ ಮೇಲೆ ನೇರವಾಗಿ ಹಾಕಬಾರದು. ಅವಕ್ಕೆ ಆವೃತ್ತಿ ಗೊತ್ತಿಲ್ಲ, ಐದು ಸಾಲನ್ನು ಐದು ಕುಟುಂಬ ಎಂದು ತಿಳಿಯುತ್ತವೆ. `AVERAGE` ಇಲ್ಲಿ 6.2 ಕೊಡುತ್ತದೆ. `MEDIAN` ಕೊಡುವುದು 3.75, ನಿಜವಾದ 3.625ಕ್ಕೆ ಹತ್ತಿರ ಬಂದದ್ದು ಬರೀ ಕಾಕತಾಳೀಯ, ಹಾಗಾಗಿ ಮೋಸಹೋಗುವುದು ಸುಲಭ. ಕ್ಯಾಲ್ಕುಲೇಟರಿನಲ್ಲೂ ಹಾಗೆಯೇ: ಸಂಖ್ಯಾಶಾಸ್ತ್ರದ ಮೋಡ್‌ಗೆ ಹೋಗಿ, x ಜೊತೆ ಆವೃತ್ತಿಯನ್ನೂ ಕೊಟ್ಟಿದ್ದೀರಿ ಎಂಬುದಕ್ಕೆ n ಒತ್ತಿ ನೋಡಿ. 120 ಬರಬೇಕು. 5 ಬಂದರೆ ಆವೃತ್ತಿ ಸೇರಿಲ್ಲ.

ಕೊನೆಯ ಸಾಲಿಗೆ ಮೇಲ್ಗಡಿಯೇ ಇಲ್ಲದಿದ್ದರೆ

ಫೋಟೋದ ಕೊನೆಯ ಸಾಲಿನಲ್ಲಿ "10.00–25.00" ಬದಲು "10 ಎಕರೆ ಮೇಲ್ಪಟ್ಟು" ಎಂದಷ್ಟೇ ಇರುವುದುಂಟು. ಇದು ತೆರೆದ ವರ್ಗಾಂತರ. ಮಧ್ಯಾಂಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಅದು ಮೂರನೆಯ ಸಾಲಿನಲ್ಲೇ ಸಿಕ್ಕಿದೆ, ಕೊನೆಯ ಸಾಲು ಎಲ್ಲಿಗೆ ಮುಗಿದರೂ 3.625.

ಉಳಿದ ಎರಡಕ್ಕೆ ಮಧ್ಯಬಿಂದು ಬೇಕು. ಹಿಂದಿನ ಸಾಲಿನ ಅಗಲವನ್ನೇ ಕೊನೆಯದಕ್ಕೂ ಹಿಡಿಯಿರಿ ಎಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಸಮ ಅಗಲದ ಕೋಷ್ಟಕದಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ನಮ್ಮ ಕೋಷ್ಟಕದಲ್ಲಿ ಅಗಲಗಳು 1, 1.5, 2.5, 5 ಎಂದು ಬೆಳೆಯುತ್ತಾ ಬಂದಿವೆ. ಕೊನೆಯದೂ 5 ಎಂದರೆ ಮೇಲ್ಗಡಿ 15, ಮಧ್ಯಬಿಂದು 12.5. ಆಗ ಸರಾಸರಿ 4.53ಕ್ಕೆ ಇಳಿಯುತ್ತದೆ. ಮಾನಕ ವಿಚಲನೆ 4.43ರಿಂದ 3.33ಕ್ಕೆ ಕುಸಿಯುತ್ತದೆ. 120ರಲ್ಲಿ ಬರೀ ಹತ್ತು ಕುಟುಂಬಗಳ ಊಹೆಯಿಂದ ಕಾಲುಭಾಗದಷ್ಟು ವ್ಯತ್ಯಾಸ, ಯಾಕೆಂದರೆ ದೂರದ ಬೆಲೆಗಳು ವರ್ಗವಾಗಿ ಲೆಕ್ಕಕ್ಕೆ ಬರುತ್ತವೆ.

ಪರೀಕ್ಷೆಯಲ್ಲಾದರೆ "ಕೊನೆಯ ವರ್ಗದ ಅಗಲ ಹಿಂದಿನದರಷ್ಟೇ, 10–15 ಎಂದು ಭಾವಿಸಿದೆ" ಎಂಬ ಒಂದು ಸಾಲು ಬರೆದು ಮುಂದುವರಿಯಿರಿ. ವರದಿಯಲ್ಲಾದರೆ ಊಹಿಸುವ ಮುನ್ನ ಅದೇ ಪುಟದ ಇನ್ನೊಂದು ಕಾಲಂ ಹುಡುಕಿ. ಕೃಷಿ ಗಣತಿಯಂಥ ಕೋಷ್ಟಕಗಳಲ್ಲಿ ಹಿಡುವಳಿಗಳ ಸಂಖ್ಯೆಯ ಪಕ್ಕದಲ್ಲೇ ಅವುಗಳ ಒಟ್ಟು ವಿಸ್ತೀರ್ಣವೂ ಇರುತ್ತದೆ. ಫೋಟೋ ತೆಗೆಯುವಾಗ ಆ ಕಾಲಂ ಕತ್ತರಿಸಿ ಹೋಗಿರಬಹುದು, ಪೂರ್ತಿ ಪುಟದ ಫೋಟೋ ಕೇಳಿ. ಕೊನೆಯ ಸಾಲಿನ ಹತ್ತು ಕುಟುಂಬಗಳದು ಒಟ್ಟು 162 ಎಕರೆ ಎಂದಿದ್ದರೆ ಆ ಸಾಲಿಗೆ x = 162 ÷ 10 = 16.2. ಇದು ಊಹೆಯಲ್ಲ, ಆ ಸಾಲಿನ ನಿಜವಾದ ಸರಾಸರಿ. ಇದನ್ನು ಹಾಕಿದರೆ Σfx = 580.5, ಸರಾಸರಿ 4.84 ಎಕರೆ, ಮಾನಕ ವಿಚಲನೆ 4.13 ಎಕರೆ. ಎಲ್ಲ ಸಾಲಿಗೂ ವಿಸ್ತೀರ್ಣ ಸಿಕ್ಕರೆ ಸರಾಸರಿಗೆ ಮಧ್ಯಬಿಂದುವಿನ ಹಂಗೇ ಬೇಡ, ಒಟ್ಟು ವಿಸ್ತೀರ್ಣವನ್ನು ಒಟ್ಟು ಹಿಡುವಳಿಗಳಿಂದ ಭಾಗಿಸಿದರೆ ಮುಗಿಯಿತು.

ಆ ಕಾಲಂ ಎಲ್ಲಿಯೂ ಸಿಗದಿದ್ದರೆ ಮಧ್ಯಾಂಕ 3 ಎಕರೆ 25 ಗುಂಟೆ ಎಂದು ಬರೆದು, ಸರಾಸರಿ ಮತ್ತು ಮಾನಕ ವಿಚಲನೆಯನ್ನು ಎರಡು ಊಹೆಗಳ ಮೇಲೆ ತೆಗೆದು ಅಕ್ಕಪಕ್ಕ ಇಡಿ: ಮೇಲ್ಗಡಿ 15 ಎಂದರೆ 4.53 ಮತ್ತು 3.33, ಮೇಲ್ಗಡಿ 25 ಎಂದರೆ 4.95 ಮತ್ತು 4.43.